ವಿಶ್ವವಿದ್ಯಾಲಯ ಅಸಲಿ, ಆದರೆ ನಿಮ್ಮ ಪದವಿ? ಸೇರುವ ಮುನ್ನ ಮಾನ್ಯತೆ ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ದೊಡ್ಡ ಬಸ್ ನಿಲ್ದಾಣದ ಸುತ್ತ ಕಣ್ಣಾಡಿಸಿದರೆ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲೋ ಬೇಕರಿಯ ಪಕ್ಕದ ಮೆಟ್ಟಿಲಲ್ಲೋ ಒಂದು ಬೋರ್ಡು ಕಾಣುತ್ತದೆ: ‘ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದೀರಾ? ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಕೆಲಸ ಮಾಡುತ್ತಲೇ ಓದಿ.’ ಇಂಥ ಬೋರ್ಡುಗಳಲ್ಲಿ ಹೇಳುವ ವಿಶ್ವವಿದ್ಯಾಲಯ ಎಷ್ಟೋ ಸಲ ನಿಜವಾಗಿಯೂ ಇರುತ್ತದೆ, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನಡೆಸುವ ಕೇಂದ್ರದ ಆಯೋಗವಾದ ಯುಜಿಸಿಯ ಪಟ್ಟಿಯಲ್ಲೂ ಇರುತ್ತದೆ. ಜನ ಮೋಸ ಹೋಗುವುದೂ ಅಲ್ಲೇ. ಹೆಸರು ಪಟ್ಟಿಯಲ್ಲಿ ಸಿಕ್ಕಿತು ಎಂದು ನೆಮ್ಮದಿಯಾಗಿ ಹಣ ಕಟ್ಟುತ್ತಾರೆ. ನಾಲ್ಕು ವರ್ಷದ ನಂತರ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ, ಪದವಿ ಪತ್ರ ಸರಿಯಿದ್ದರೂ ಅದು ನಡೆಯುವುದಿಲ್ಲ ಎಂದು ತಿಳಿಯುತ್ತದೆ.

ಏಕೆಂದರೆ ಮಾನ್ಯತೆ ಎನ್ನುವುದು ವಿಶ್ವವಿದ್ಯಾಲಯದ ಹೆಸರಿಗೆ ಒಮ್ಮೆ ಅಂಟಿಸಿ ಬಿಟ್ಟ ಮುದ್ರೆಯಲ್ಲ. ಪದವಿ ಕೊಡುವ ಅಧಿಕಾರ ಯಾರಿಗಿದೆ, ಯಾವ ಜಾಗದಲ್ಲಿ ಕಲಿಸಬಹುದು, ಯಾವ ಕೋರ್ಸು, ಯಾವ ವಿಧಾನ, ಯಾವ ವರ್ಷದ ಪ್ರವೇಶ: ಈ ಐದೂ ಒಟ್ಟಿಗೆ ಕೂಡಿ ಬಂದಾಗ ಮಾತ್ರ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಬೆಲೆ. ಒಂದು ತಪ್ಪಿದರೆ ಉಳಿದ ನಾಲ್ಕು ಸರಿಯಿದ್ದೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಲ್ಲಿಂಗ್ ಕೆಲಸ ಮಾಡುವ ಹುಡುಗಿ. ದ್ವಿತೀಯ ಪಿಯುಸಿ ಕಾಮರ್ಸ್ ಪಾಸಾಗಿದ್ದಾಳೆ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ, ಪಿ.ಎಫ್. ಕಡಿತವಾಗುತ್ತದೆ. ಎಫ್‌ಡಿಎ ಪರೀಕ್ಷೆ ಬರೆಯಬೇಕೆಂಬ ಆಸೆ, ಅದಕ್ಕೆ ಪದವಿ ಬೇಕು. ಮಾಗಡಿ ರಸ್ತೆಯ ಒಂದು ಸೆಂಟರ್‌ನವರು ಉತ್ತರ ಭಾರತದ ಒಂದು ಖಾಸಗಿ ವಿಶ್ವವಿದ್ಯಾಲಯದ ಹೆಸರು ಹೇಳಿ, ‘ಬಿ.ಕಾಂ. ಒಂದೂವರೆ ವರ್ಷದಲ್ಲಿ ಮುಗಿಸಿಕೊಡುತ್ತೇವೆ, ಒಟ್ಟು 60,000 ರೂಪಾಯಿ, ಪರೀಕ್ಷೆ ಇಲ್ಲೇ ಬೆಂಗಳೂರಲ್ಲೇ’ ಎಂದಿದ್ದಾರೆ. ಕೈಗೆ ಬಣ್ಣದ ಬ್ರೋಷರ್ ಕೊಟ್ಟಿದ್ದಾರೆ. ಹಣ ಕಟ್ಟುವ ಮೊದಲು ಅವಳು ಏನೇನು ನೋಡಬೇಕು?

ಮೊದಲ ಹೆಜ್ಜೆ: ಪದವಿ ಕೊಡುವ ಅಧಿಕಾರ ಯಾರಿಗಿದೆ

1956ರ ಯುಜಿಸಿ ಕಾಯ್ದೆಯ 22ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಅದೇ ಕಾಯ್ದೆಯ 3ನೇ ಕಲಂ ಅಡಿಯಲ್ಲಿ ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನ ಎಂದು ಘೋಷಿತವಾದ ಸಂಸ್ಥೆ, ಅಥವಾ ಪದವಿ ಕೊಡಲು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಇಷ್ಟೇ. ಟ್ರಸ್ಟ್, ಸೊಸೈಟಿ, ಕಂಪನಿ, ‘ಕೌನ್ಸಿಲ್’, ‘ಅಕಾಡೆಮಿ’ ಎಷ್ಟೇ ಹಳೆಯದಾಗಿರಲಿ, ಪದವಿ ಕೊಡುವಂತಿಲ್ಲ. ಈ ನಿಯಮ ಎಷ್ಟು ಬಿಗಿ ಎನ್ನುವುದಕ್ಕೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಒಳ್ಳೆಯ ಉದಾಹರಣೆ. ದೇಶದಲ್ಲೇ ಹೆಸರಾದ ಸಂಸ್ಥೆಯಾದರೂ 2017ರಲ್ಲಿ ಐಐಎಂಗಳ ಕಾಯ್ದೆ ಬರುವವರೆಗೆ ಅದು ಕೊಡುತ್ತಿದ್ದದ್ದು ಸ್ನಾತಕೋತ್ತರ ಡಿಪ್ಲೊಮಾ, ಎಂ.ಬಿ.ಎ. ಪದವಿಯಲ್ಲ.

ಹಾಗಾದರೆ ನಕಲಿ ಬೋರ್ಡು ಹಾಕುವವರು ಹೆದರುವುದಿಲ್ಲವೇ ಎಂದು ಕೇಳಬಹುದು. ಇದೇ ಕಾಯ್ದೆಯ 24ನೇ ಕಲಂ ಪ್ರಕಾರ ಇದಕ್ಕೆ ದಂಡ ಗರಿಷ್ಠ 1,000 ರೂಪಾಯಿ. ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕಕ್ಕಿಂತ ಕಡಿಮೆ. ಹಾಗಾಗಿ ಕಾನೂನು ತಾನೇ ಬಂದು ನಿಮ್ಮನ್ನು ಕಾಯುತ್ತದೆ ಎಂದು ಕೂರುವಂತಿಲ್ಲ.

ಪರಿಶೀಲನೆಗೆ ಬ್ರೋಷರ್‌ನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ, ಮೇಲೆ ಬರುವುದೆಲ್ಲ ಜಾಹೀರಾತು. ಬ್ರೌಸರ್‌ನಲ್ಲಿ ನೇರವಾಗಿ `www.ugc.gov.in` ಎಂದು ಟೈಪ್ ಮಾಡಿ, ವಿಶ್ವವಿದ್ಯಾಲಯಗಳ ವಿಭಾಗಕ್ಕೆ ಹೋಗಿ. ಕೇಂದ್ರೀಯ, ರಾಜ್ಯ, ಡೀಮ್ಡ್, ಖಾಸಗಿ ಎಂದು ನಾಲ್ಕು ಪ್ರತ್ಯೇಕ ಪಟ್ಟಿಗಳಿವೆ. ಹೆಸರು ಸಿಕ್ಕರೆ ಅಲ್ಲಿಗೆ ನಿಲ್ಲಿಸದೆ ವಿಳಾಸವನ್ನೂ ಹೋಲಿಸಿ: ಊರು, ಜಿಲ್ಲೆ, ಪಿನ್ ಕೋಡ್. ಪ್ರಸಿದ್ಧ ವಿಶ್ವವಿದ್ಯಾಲಯದ ಹೆಸರಿಗೆ ಒಂದು ಪದ ಸೇರಿಸಿಯೋ ತೆಗೆದೋ ಹೆಸರಿಟ್ಟುಕೊಳ್ಳುವುದು ಹಳೆಯ ತಂತ್ರ. ಹೆಸರಿನಲ್ಲಿ ಕಾಣದ ವ್ಯತ್ಯಾಸ ವಿಳಾಸದಲ್ಲಿ ಸಿಕ್ಕಿಬೀಳುತ್ತದೆ.

ಅದೇ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ, ರಾಜ್ಯವಾರು. ಕರ್ನಾಟಕದ ಕೆಳಗೆ ಗೋಕಾಕದ ‘ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ’ ಎಂಬ ಹೆಸರು ವರ್ಷಗಟ್ಟಲೆ ಕಾಣಿಸಿಕೊಂಡಿದೆ. ಆದರೆ ಒಂದು ಮಾತು. ಯುಜಿಸಿಯ ಗಮನಕ್ಕೆ ಬಂದ ಹೆಸರುಗಳು ಮಾತ್ರ ಈ ಪಟ್ಟಿ ಸೇರುತ್ತವೆ. ‘ನಕಲಿ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ನೋಡಿ’ ಎಂದು ಸೆಂಟರ್‌ನವರು ತೋರಿಸಿದರೆ ಅದು ಸಾಕ್ಷಿಯಾಗುವುದಿಲ್ಲ. ಅಸಲಿ ಪಟ್ಟಿಯಲ್ಲಿ ಹೆಸರು ಇರಬೇಕು, ಅದೊಂದೇ ಲೆಕ್ಕ.

ಬ್ರೋಷರ್‌ನ ಉಳಿದ ಚಿಹ್ನೆಗಳ ಬಗ್ಗೆಯೂ ತಿಳಿದಿರಲಿ. ನಾಗರಬಾವಿಯಲ್ಲಿ ಕಚೇರಿ ಇರುವ ನ್ಯಾಕ್ ಕೊಡುವುದು ಗುಣಮಟ್ಟದ ಶ್ರೇಣಿ, ಪದವಿ ಕೊಡುವ ಅಧಿಕಾರವಲ್ಲ. ಐಎಸ್‌ಒ ಪ್ರಮಾಣಪತ್ರ ಕಚೇರಿಯ ಕೆಲಸದ ಪದ್ಧತಿಗೆ ಸಂಬಂಧಿಸಿದ್ದು, ಬ್ರೆಡ್ ಕಾರ್ಖಾನೆಗೂ ಸಿಗುತ್ತದೆ. ಯುಜಿಸಿ ಕಾಯ್ದೆಯ ‘12ಬಿ’ ಎಂದಿದ್ದರೆ ಅದು ಕೇಂದ್ರದ ಅನುದಾನ ಪಡೆಯುವ ಅರ್ಹತೆ. ಇವು ಇದ್ದರೆ ಒಳ್ಳೆಯದೇ, ಆದರೆ ಇವುಗಳಿಂದ ಮಾನ್ಯತೆ ಸಾಬೀತಾಗುವುದಿಲ್ಲ.

ನಮ್ಮ ಹುಡುಗಿ ಹೀಗೆ ನೋಡಿದಾಗ ವಿಶ್ವವಿದ್ಯಾಲಯದ ಹೆಸರು ಖಾಸಗಿ ಪಟ್ಟಿಯಲ್ಲಿ ಸಿಗುತ್ತದೆ, ವಿಳಾಸವೂ ಹೊಂದುತ್ತದೆ. ಮೊದಲ ಹೆಜ್ಜೆ ಸರಿ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ.

(ಬೆಂಗಳೂರಿನಲ್ಲೇ ಇರುವ ಮಾಮೂಲಿ ಕಾಲೇಜಿಗೆ ಸೇರುವವರಿಗೆ ಇಲ್ಲೊಂದು ಸಣ್ಣ ಮಾತು. ಕಾಲೇಜು ಪದವಿ ಕೊಡುವುದಿಲ್ಲ, ಸ್ವಾಯತ್ತ ಕಾಲೇಜಾದರೂ ಪದವಿ ಪತ್ರ ವಿಶ್ವವಿದ್ಯಾಲಯದ್ದೇ. ಬೆಂಗಳೂರು ವಿಶ್ವವಿದ್ಯಾಲಯ, ನಗರ ವಿಶ್ವವಿದ್ಯಾಲಯ, ಉತ್ತರ ವಿಶ್ವವಿದ್ಯಾಲಯ, ವಿಟಿಯು, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ: ಯಾವುದರ ಸಂಯೋಜನೆ ಎಂದು ಕೇಳಿ, ಆ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ನೋಡಿ. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಸಂಯೋಜನೆ ಆದೇಶ ಇದೆಯೇ ಎಂದು ಪ್ರತಿ ಕೇಳಿ ಪಡೆಯಿರಿ. ಹೊಸದಾಗಿ ಶುರುವಾದ ಕೋರ್ಸುಗಳಲ್ಲಿ ‘ಆದೇಶ ಬರುತ್ತೆ, ಸೇರಿಕೊಳ್ಳಿ’ ಎನ್ನುವ ಮಾತಿಗೆ ಒಪ್ಪಬೇಡಿ.)

ಎರಡನೇ ಹೆಜ್ಜೆ: ಮಾಗಡಿ ರಸ್ತೆಯ ಆ ಕೊಠಡಿಗೆ ಏನು ಅಧಿಕಾರ

2002ರಲ್ಲಿ ಛತ್ತೀಸಗಢ ಸರ್ಕಾರ ಖಾಸಗಿ ವಿಶ್ವವಿದ್ಯಾಲಯಗಳ ಕಾಯ್ದೆ ತಂದಿತು. ಸ್ವಲ್ಪ ಕಾಲದಲ್ಲೇ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅಧಿಸೂಚನೆಯಲ್ಲಿ ಹುಟ್ಟಿಕೊಂಡವು. ಎಷ್ಟಕ್ಕೋ ಕಟ್ಟಡವಿಲ್ಲ, ಒಂದೆರಡು ಕೊಠಡಿಯ ಕಚೇರಿಯಿಂದ ದೇಶದ ತುಂಬ ಸೆಂಟರ್ ತೆರೆಯುತ್ತಿದ್ದವು. ಯುಜಿಸಿಯ ಹಿಂದಿನ ಅಧ್ಯಕ್ಷರೂ ವಿಜ್ಞಾನಿಯೂ ಆಗಿದ್ದ ಪ್ರೊ. ಯಶಪಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಫೆಬ್ರವರಿಯಲ್ಲಿ ಬಂದ ತೀರ್ಪು ಆ ಕಾಯ್ದೆಯ ಮುಖ್ಯ ಕಲಂಗಳನ್ನೇ ರದ್ದು ಮಾಡಿತು. ಒಂದು ರಾಜ್ಯದ ಶಾಸನಸಭೆ ಮಾಡಿದ ಕಾಯ್ದೆಯ ಬಲ ಆ ರಾಜ್ಯದ ಗಡಿಯೊಳಗೆ ಮಾತ್ರ ಎಂಬ ತತ್ವವನ್ನು ಅದು ಎತ್ತಿಹಿಡಿಯಿತು. ಆಮೇಲೆ ಯುಜಿಸಿ ಇದನ್ನೇ ಮತ್ತೆ ಮತ್ತೆ ಸಾರ್ವಜನಿಕ ಸೂಚನೆಯಲ್ಲಿ ಹೇಳಿದೆ: ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯದ ಹೊರಗೆ ಕಾಲೇಜನ್ನು ಸಂಯೋಜಿಸಿಕೊಳ್ಳುವಂತಿಲ್ಲ, ಸ್ಟಡಿ ಸೆಂಟರ್ ತೆರೆಯುವಂತಿಲ್ಲ, ಫ್ರಾಂಚೈಸಿ ಕೊಡುವಂತಿಲ್ಲ.

ಅಂದರೆ ಉತ್ತರ ಭಾರತದ ಖಾಸಗಿ ವಿಶ್ವವಿದ್ಯಾಲಯದ ಸ್ಟಡಿ ಸೆಂಟರ್ ಮಾಗಡಿ ರಸ್ತೆಯಲ್ಲಿ ಇರುವಂತೆಯೇ ಇಲ್ಲ. ‘ನಾವು ಸೆಂಟರ್ ಅಲ್ಲ, ಬರೀ ಮಾಹಿತಿ ಕೇಂದ್ರ’ ಎಂದು ಅವರು ಹೇಳಬಹುದು. ಹಾಗಾದರೆ ಪಾಠ, ಪರೀಕ್ಷೆ, ಶುಲ್ಕ ಅಲ್ಲಿ ನಡೆಯಬಾರದು. ರಸೀದಿ ನೋಡಿದರೆ ವಿಷಯ ಬಯಲಾಗುತ್ತದೆ. ಮೇಲೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ‘ಎಜುಕೇಷನ್ ಕನ್ಸಲ್ಟೆನ್ಸಿ’ ಎಂಬ ಸೀಲು, ಯುಪಿಐ ಹಣ ಹೋಗಿದ್ದು ಒಬ್ಬ ವ್ಯಕ್ತಿಯ ಹೆಸರಿಗೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಪಾವತಿ ಪುಟದ ಮೂಲಕ ವಿಶ್ವವಿದ್ಯಾಲಯದ ಖಾತೆಗೆ ಹೋಗದ ಯಾವ ಹಣವನ್ನೂ ಶುಲ್ಕ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನಾಳೆ ತೊಂದರೆಯಾದಾಗ ‘ನಮಗೆ ಬಂದಿಲ್ಲ’ ಎಂದು ವಿಶ್ವವಿದ್ಯಾಲಯ ಕೈತೊಳೆದುಕೊಳ್ಳುತ್ತದೆ, ಕಾಗದದ ಮೇಲೆ ಅದು ನಿಜವೂ ಆಗಿರುತ್ತದೆ.

ಮೂಲ ಅಂಕಪಟ್ಟಿಗಳನ್ನೂ ಯಾರ ಬಳಿಯೂ ಬಿಟ್ಟು ಬರಬೇಡಿ. ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಮೂರನೇ ಹೆಜ್ಜೆ: ವಿಧಾನ, ಕೋರ್ಸು, ವರ್ಷ

ಹಾಗಾದರೆ ಹೊರ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಬೆಂಗಳೂರಲ್ಲಿ ಕೂತು ಓದುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಆನ್‌ಲೈನ್ ವಿಧಾನದಲ್ಲಿ. ಅದಕ್ಕೆ ರಾಜ್ಯದ ಗಡಿಯ ಕಟ್ಟು ಇಲ್ಲ. ದೂರಶಿಕ್ಷಣಕ್ಕೆ ಆ ಕಟ್ಟು ಇದೆ. ಎರಡೂ ಯುಜಿಸಿಯ 2020ರ ನಿಯಮಾವಳಿಗೆ ಒಳಪಡುತ್ತವೆ, ಎರಡಕ್ಕೂ ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿಯ ಅನುಮತಿ ಬೇಕು. ಈ ಅನುಮತಿ ವಿಶ್ವವಿದ್ಯಾಲಯಕ್ಕೆ ಒಟ್ಟಾರೆ ಸಿಗುವುದಿಲ್ಲ. ಕೋರ್ಸು ಕೋರ್ಸಿಗೆ, ವಿಧಾನ ವಿಧಾನಕ್ಕೆ, ಪ್ರವೇಶದ ಅವಧಿ ಅವಧಿಗೆ ಬೇರೆ ಬೇರೆಯಾಗಿರುತ್ತದೆ.

`deb.ugc.ac.in` ತೆರೆಯಿರಿ. ಮೊದಲು ಶೈಕ್ಷಣಿಕ ವರ್ಷ, ಆಮೇಲೆ ಅವಧಿ ನೋಡಿ. ವರ್ಷಕ್ಕೆ ಎರಡು ಪ್ರವೇಶದ ಅವಧಿಗಳು: ಜುಲೈ–ಆಗಸ್ಟ್‌ನಲ್ಲಿ ಶುರುವಾಗುವುದು, ಜನವರಿ–ಫೆಬ್ರವರಿಯಲ್ಲಿ ಶುರುವಾಗುವುದು. ಅಲ್ಲಿ ವಿಶ್ವವಿದ್ಯಾಲಯದ ಹೆಸರಿನ ಮುಂದೆ ಅನುಮತಿ ಸಿಕ್ಕ ಕೋರ್ಸುಗಳು ಒಂದೊಂದಾಗಿ ಇರುತ್ತವೆ. ದೂರಶಿಕ್ಷಣದ ಪಟ್ಟಿ ಬೇರೆ, ಆನ್‌ಲೈನ್ ಪಟ್ಟಿ ಬೇರೆ. ನಿಮ್ಮ ಕೋರ್ಸಿನ ಪೂರ್ಣ ಹೆಸರು ಸಿಗಬೇಕು. ಪಟ್ಟಿಯಲ್ಲಿ ಬರೀ ಎಂ.ಬಿ.ಎ. ಎಂದಿದ್ದು ಬ್ರೋಷರ್‌ನಲ್ಲಿ ಬೇರೊಂದು ವಿಶೇಷ ಶಾಖೆಯ ಹೆಸರಿದ್ದರೆ ವಿಶ್ವವಿದ್ಯಾಲಯಕ್ಕೆ ಇ–ಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ನೋಡಿದ ಪುಟವನ್ನು ಆ ದಿನದ ತಾರೀಖು ಕಾಣುವಂತೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಯಾರಾದರೂ ಪ್ರಶ್ನಿಸಿದರೆ, ನೀವು ಸೇರಿದ ದಿನ ಪಟ್ಟಿ ಹೇಗಿತ್ತು ಎನ್ನುವುದೇ ನಿಮಗೆ ಬೇಕಾಗುವ ಕಾಗದ.

ನಮ್ಮ ಹುಡುಗಿ ಇಲ್ಲಿ ನೋಡಿದಾಗ ಚಿತ್ರ ಬದಲಾಗುತ್ತದೆ. ಆ ವಿಶ್ವವಿದ್ಯಾಲಯಕ್ಕೆ ದೂರಶಿಕ್ಷಣದ ಅನುಮತಿಯೇ ಇಲ್ಲ. ಆನ್‌ಲೈನ್ ವಿಧಾನದಲ್ಲಿ ಬಿ.ಬಿ.ಎ. ಮತ್ತು ಎಂ.ಬಿ.ಎ.ಗೆ ಮಾತ್ರ ಅನುಮತಿ ಇದೆ, ಬಿ.ಕಾಂ. ಇಲ್ಲ. ಅಂದರೆ ಬೋರ್ಡಿನ ‘ಯುಜಿಸಿ ಮಾನ್ಯತೆ’ ಎಂಬ ಮಾತು ಸುಳ್ಳಲ್ಲ, ಆದರೆ ಅವಳಿಗೆ ಮಾರುತ್ತಿರುವ ಕೋರ್ಸಿಗೆ ಅದು ಅನ್ವಯಿಸುವುದೇ ಇಲ್ಲ.

ವರ್ಷದ ವಿಷಯ ಕರ್ನಾಟಕದವರಿಗೆ ಅನುಭವದಿಂದಲೇ ಗೊತ್ತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಕಾಯ್ದೆಯಿಂದಲೇ ಸ್ಥಾಪಿತವಾದದ್ದು, ಅಸಲಿತನದಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ರಾಜ್ಯದ ಹೊರಗೆ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸು ನಡೆಸಿದ ಕಾರಣಕ್ಕೆ, 2012–13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಸಾರ್ವಜನಿಕ ಸೂಚನೆ ಹೊರಡಿಸಿತು. 2018–19ರಿಂದ ಮಾನ್ಯತೆ ಮತ್ತೆ ಸಿಕ್ಕಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಅಂಕಪಟ್ಟಿ ಹಿಡಿದು ವರ್ಷಗಟ್ಟಲೆ ಅತಂತ್ರರಾಗಿ ಅಲೆದರು. ಅವರಲ್ಲಿ ಬಹುತೇಕರು ನಮ್ಮ ಹಳ್ಳಿ ಪಟ್ಟಣಗಳ ಕೆಲಸ ಮಾಡುತ್ತ ಓದಿದ ಜನ, ತಪ್ಪು ಅವರದಾಗಿರಲಿಲ್ಲ. ಈಗಿನ ಮಾನ್ಯತೆ ನೋಡಿ ಹಳೆಯ ವರ್ಷದ ಪ್ರವೇಶಕ್ಕೆ ಒಪ್ಪಬಾರದು, ಹಳೆಯ ಮಾನ್ಯತೆ ನೋಡಿ ಈ ವರ್ಷ ಸೇರಬಾರದು ಎನ್ನುವುದು ಇದಕ್ಕೇ.

‘ಒಂದೂವರೆ ವರ್ಷದಲ್ಲಿ ಬಿ.ಕಾಂ.’ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನೂ ಬಿಡಿಸಿ ನೋಡಬೇಕು. ಬಿ.ಕಾಂ. ಮೂರು ವರ್ಷದ ಪದವಿ. ಅರ್ಧ ಅವಧಿಯಲ್ಲಿ ಕೊಡಬೇಕೆಂದರೆ ಇವಳು ಈಗ ಸೇರಿದರೂ ಹಿಂದಿನ ವರ್ಷವೇ ಸೇರಿದ್ದಳೆಂದು ದಾಖಲೆ ಸೃಷ್ಟಿಸಬೇಕು. ಮಾತಿನಲ್ಲಿ ಅದಕ್ಕೆ ‘ಬ್ಯಾಕ್ ಡೇಟ್ ಅಡ್ಮಿಷನ್’ ಎನ್ನುತ್ತಾರೆ. ಅದರ ಜೊತೆಗೇ ಬರುವ ಆಮಿಷ: ‘ಮಾರ್ಕ್ಸ್ ಕಾರ್ಡ್‌ನಲ್ಲಿ ಡಿಸ್ಟೆನ್ಸ್ ಅಂತ ಬರಲ್ಲ, ರೆಗ್ಯುಲರ್ ಅಂತಲೇ ಬರುತ್ತೆ.’ ಇದನ್ನು ಕೇಳಿದ ಕ್ಷಣ ಎದ್ದು ಬನ್ನಿ. ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯ ದಾಖಲೆಯಲ್ಲಿ ಓದಿದ ವಿಧಾನವನ್ನು ನಮೂದಿಸಬೇಕೆಂಬುದೇ ನಿಯಮ. ರೆಗ್ಯುಲರ್ ಎಂದು ಬಂದರೆ ಅದು ಅನುಕೂಲವಲ್ಲ, ಸುಳ್ಳು ದಾಖಲೆ. ಅದನ್ನು ಸಲ್ಲಿಸಿದ ಹೊಣೆ ಸೆಂಟರ್‌ನವರ ಮೇಲಲ್ಲ, ನಿಮ್ಮ ಮೇಲೆ ಬರುತ್ತದೆ.

ಇಲ್ಲೇ ಇನ್ನೊಂದು ಗಟ್ಟಿ ಪರೀಕ್ಷೆ ಇದೆ. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸಿಗೆ ಸೇರುವ ವಿದ್ಯಾರ್ಥಿ ಈಗ ಡಿಇಬಿ ಐಡಿ ಮಾಡಿಸಿಕೊಳ್ಳಲೇಬೇಕು. ಡಿಜಿಲಾಕರ್ ಮೂಲಕ ಮೊದಲು ಓದಿನ ಕ್ರೆಡಿಟ್‌ಗಳು ಜಮೆಯಾಗುವ ಖಾತೆಯ ಎಬಿಸಿ ಐಡಿ, ಅದನ್ನು ಹಿಡಿದು ಡಿಇಬಿ ಜಾಲತಾಣದಲ್ಲಿ ಡಿಇಬಿ ಐಡಿ. ಎರಡಕ್ಕೂ ಹಣ ಕೊಡಬೇಕಿಲ್ಲ. ಇದನ್ನು ನಿಮ್ಮ ಮೊಬೈಲ್‌ನಲ್ಲಿ ನಿಮ್ಮ ಕೈಯಿಂದಲೇ ಮಾಡಿ, ಒಟಿಪಿಯನ್ನು ಯಾರಿಗೂ ಹೇಳಬೇಡಿ. ಸೆಂಟರ್‌ನವರು ‘ಅದೆಲ್ಲ ನಾವೇ ಮಾಡುತ್ತೇವೆ’ ಎಂದರೆ ಬೇಡ ಎನ್ನಿ, ‘ನಮ್ಮ ಕೋರ್ಸಿಗೆ ಡಿಇಬಿ ಐಡಿ ಬೇಕಾಗಿಲ್ಲ’ ಎಂದರೆ ಅಲ್ಲಿಗೆ ಮಾತು ಮುಗಿಸಿ. ದೂರಶಿಕ್ಷಣ ಎನ್ನುತ್ತ ಡಿಇಬಿ ಐಡಿ ಬೇಡ ಎನ್ನುವ ಸೆಂಟರ್ ನಿಮ್ಮನ್ನು ನಿಯಮಬದ್ಧವಾಗಿ ಸೇರಿಸುತ್ತಿಲ್ಲ ಎಂದೇ ಅರ್ಥ.

ದೂರದಿಂದ ಓದಲಾಗದ ಕೋರ್ಸುಗಳು

ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ, ವಾಸ್ತುಶಿಲ್ಪ, ಕಾನೂನು: ಇವಕ್ಕೆ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಅವಕಾಶವೇ ಇಲ್ಲ. ಪಿಎಚ್.ಡಿ.ಗೂ ಇಲ್ಲ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಕಠಿಣ ತೀರ್ಪು ಕೊಟ್ಟಿತು. 2001ರಿಂದ 2005ರ ನಡುವೆ ಸೇರಿದವರ ಪದವಿ ಅಮಾನತು, ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಊರ್ಜಿತ. ಅದರ ನಂತರ ಸೇರಿದವರ ಪದವಿ ರದ್ದು. ಆ ಪದವಿಯ ಮೇಲೆ ಬಡ್ತಿ ಪಡೆದು ನೌಕರಿಯಲ್ಲಿದ್ದವರೂ ಅದರಲ್ಲಿದ್ದರು.

ಪೀಣ್ಯ, ಬೊಮ್ಮಸಂದ್ರದ ಕಡೆ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವವರಿಗೆ ‘ಭಾನುವಾರ ಬಿ.ಟೆಕ್.’ ಮಾರುವವರು ಇಂದಿಗೂ ಇದ್ದಾರೆ. ಕೆಲಸದಲ್ಲಿರುವವರಿಗೆ ಎಂಜಿನಿಯರಿಂಗ್ ಓದಲು ನಿಜವಾದ ದಾರಿ ಇದೆ: ತಾಂತ್ರಿಕ ಶಿಕ್ಷಣದ ಕೇಂದ್ರ ಪರಿಷತ್ತಾದ ಎಐಸಿಟಿಇ ಅನುಮೋದಿತ ಕಾಲೇಜುಗಳಲ್ಲಿ ಉದ್ಯೋಗಸ್ಥರಿಗೆಂದೇ ಹೊಂದಿಸಿದ ಸಮಯದಲ್ಲಿ ನಡೆಯುವ ತರಗತಿ. ಅದರಲ್ಲಿ ಕಾಲೇಜಿಗೆ ಹೋಗಬೇಕು, ಪ್ರಯೋಗಾಲಯ ಮಾಡಬೇಕು. `www.aicte.gov.in` ಮೂಲಕ ಕಾಲೇಜು ಮತ್ತು ಕೋರ್ಸು ಎರಡರ ಅನುಮೋದನೆ ನೋಡಬಹುದು.

ನರ್ಸಿಂಗ್‌ಗೆ ರಾಜ್ಯ ಶುಶ್ರೂಷಾ ಪರಿಷತ್ತು, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಕಾನೂನಿಗೆ ಬಾರ್ ಕೌನ್ಸಿಲ್, ಬಿ.ಇಡಿ.ಗೆ ಎನ್‌ಸಿಟಿಇ. ಇವುಗಳಲ್ಲಿ ಪದವಿಯ ಜೊತೆಗೆ ಕಾಲೇಜಿಗೂ ಆಯಾ ಪರಿಷತ್ತಿನ ಅನುಮೋದನೆ ಇರಬೇಕು. ಇಲ್ಲದಿದ್ದರೆ ಪದವಿ ಸಿಕ್ಕರೂ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದೆ ವೃತ್ತಿಯಿಲ್ಲ.

ನಾಲ್ಕನೇ ಹೆಜ್ಜೆ: ನಿಮಗೆ ಬೇಕಾದ ನೌಕರಿಯ ಅಧಿಸೂಚನೆಯನ್ನು ಈಗಲೇ ಓದಿ

ಪದವಿ ಸಿಕ್ಕ ಮೇಲೆ ಅಧಿಸೂಚನೆ ನೋಡುವುದು ರೂಢಿ. ತಿರುಗಿಸಿ ಮಾಡಿ. ನಿಮಗೆ ಬೇಕಾದ ಹುದ್ದೆಯ ಕಳೆದ ಸಲದ ಅಧಿಸೂಚನೆಯನ್ನು ಸೇರುವ ಮುನ್ನವೇ ಇಳಿಸಿಕೊಂಡು ವಿದ್ಯಾರ್ಹತೆಯ ಪ್ಯಾರಾ ಓದಿ. ಕೆಪಿಎಸ್‌ಸಿ ಸಾಮಾನ್ಯವಾಗಿ ಬಳಸುವ ಮಾತು ‘ಭಾರತದಲ್ಲಿ ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯದಿಂದ ಪಡೆದ ಪದವಿ’. ನಮ್ಮ ಮೊದಲ ಹೆಜ್ಜೆ ಇದಕ್ಕೆ ಉತ್ತರ. ಕೆಲವು ಹುದ್ದೆಗಳಿಗೆ ಯಾವುದೇ ಪದವಿ ಸಾಕು, ಕೆಲವಕ್ಕೆ ಬಿ.ಕಾಂ. ಎಂದೇ ಕೇಳುತ್ತಾರೆ. ಅಂಥ ಕಡೆ ಬಿ.ಬಿ.ಎ. ಹಿಡಿದು ಹೋದರೆ ತತ್ಸಮಾನ ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ಸಂದರ್ಶನದ ಹಂತದಲ್ಲಿ ಅದು ಬಹಳ ಕಷ್ಟ.

ಕೇಂದ್ರ ಸರ್ಕಾರದ ಹುದ್ದೆಗೆ 2015ರ ಜೂನ್ 10ರ ಅಧಿಸೂಚನೆ ಆಧಾರ. ಯುಜಿಸಿಯ ಅನುಮೋದನೆ ಇದ್ದ ದೂರಶಿಕ್ಷಣ ಪದವಿ ಕೇಂದ್ರದ ನೌಕರಿಗೆ ತಾನಾಗಿಯೇ ಮಾನ್ಯ ಎಂದು ಅದು ಹೇಳುತ್ತದೆ. ಎಸ್‌ಎಸ್‌ಸಿ ತನ್ನ ಅಧಿಸೂಚನೆಗಳಲ್ಲಿ ಇದನ್ನೇ ಉಲ್ಲೇಖಿಸಿ, ಅಭ್ಯರ್ಥಿ ಓದಿದ ‘ಸಂಬಂಧಿತ ಅವಧಿಗೆ’ ಅನುಮೋದನೆ ಇರಬೇಕು ಎಂದು ಸೇರಿಸುತ್ತದೆ. ಡಿಇಬಿ ಪುಟದ ಪಿಡಿಎಫ್ ಇಟ್ಟುಕೊಳ್ಳಿ ಎಂದು ಮೇಲೆ ಹೇಳಿದ್ದು ಈ ಎರಡು ಪದಗಳಿಗಾಗಿ. ‘ದೂರಶಿಕ್ಷಣದ ಪದವಿಗೆ ಸರ್ಕಾರಿ ಕೆಲಸ ಸಿಗಲ್ಲ’ ಎಂಬ ಮಾತು ಊರಲ್ಲಿ ಇನ್ನೂ ಓಡಾಡುತ್ತದೆ. ಅದು ತಪ್ಪು. ನಿಯಮಬದ್ಧವಾಗಿ ಪಡೆದ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದ್ದರಿಂದ ವಿಧಾನವನ್ನು ಮುಚ್ಚಿಡುವ ಅಗತ್ಯವೇ ಇಲ್ಲ.

ಖಾಸಗಿ ಕಂಪನಿಗಳ ಪರಿಶೀಲನೆ ಬೇರೆ ಬಗೆಯದು. ಬೆಂಗಳೂರಿನ ಐಟಿ, ಬ್ಯಾಂಕಿಂಗ್ ಕಂಪನಿಗಳು ಹೊರಗಿನ ಸಂಸ್ಥೆಗೆ ಈ ಕೆಲಸ ವಹಿಸುತ್ತವೆ. ಅವರು ಪದವಿ ಪತ್ರದ ಪ್ರತಿಯನ್ನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಕಳಿಸಿ ದೃಢೀಕರಣ ಕೇಳುತ್ತಾರೆ, ಅಷ್ಟಕ್ಕೇ ನಿಲ್ಲುವುದಿಲ್ಲ. ಓದಿದ ವರ್ಷಗಳನ್ನೂ ಕೆಲಸ ಮಾಡಿದ ವರ್ಷಗಳನ್ನೂ ಪಕ್ಕಪಕ್ಕ ಇಡುತ್ತಾರೆ. ನಮ್ಮ ಹುಡುಗಿ ಆ ಸೆಂಟರ್‌ನವರ ಮಾತು ಕೇಳಿ ಪದವಿ ಪಡೆದಿದ್ದಾಳೆಂದು ಇಟ್ಟುಕೊಂಡು ಲೆಕ್ಕ ನೋಡಿ. ಅಂಕಪಟ್ಟಿಯ ಪ್ರಕಾರ ಅವಳು ಮೂರು ವರ್ಷ ಉತ್ತರ ಭಾರತದ ಕ್ಯಾಂಪಸ್‌ನಲ್ಲಿ ರೆಗ್ಯುಲರ್ ಆಗಿ ಓದಿದ್ದಾಳೆ. ಅವಳ ಪಿ.ಎಫ್. ಪಾಸ್‌ಬುಕ್ ಪ್ರಕಾರ ಅದೇ ಮೂರು ವರ್ಷ ಪ್ರತಿ ತಿಂಗಳೂ ಕಾಮಾಕ್ಷಿಪಾಳ್ಯದಲ್ಲಿ ಸಂಬಳ ಪಡೆದಿದ್ದಾಳೆ. ವಿಶ್ವವಿದ್ಯಾಲಯ ‘ಹೌದು, ನಮ್ಮ ವಿದ್ಯಾರ್ಥಿನಿ’ ಎಂದು ದೃಢೀಕರಿಸಿದರೂ ಈ ಎರಡು ಕಾಗದ ಒಂದನ್ನೊಂದು ಸುಳ್ಳು ಮಾಡುತ್ತವೆ. ಪದವಿಯ ಜೊತೆಗೆ ಅವಳ ಪ್ರಾಮಾಣಿಕತೆಯೂ ಪ್ರಶ್ನೆಗೆ ಬರುತ್ತದೆ.

ಅವಳಿಗೆ ಸರಿಯಾದ ದಾರಿ ಹತ್ತಿರದಲ್ಲೇ ಇದೆ. ಎಫ್‌ಡಿಎಗೆ ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯದ ಪದವಿ ಬೇಕು. ಕರ್ನಾಟಕದೊಳಗಿನ ವಿಶ್ವವಿದ್ಯಾಲಯದ ದೂರಶಿಕ್ಷಣ ಬಿ.ಕಾಂ., ದೇಶದ ತುಂಬ ದೂರಶಿಕ್ಷಣ ನಡೆಸುವ ಅಧಿಕಾರವಿರುವ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಬಿ.ಕಾಂ., ಅಥವಾ ಯಾವುದೇ ರಾಜ್ಯದ ವಿಶ್ವವಿದ್ಯಾಲಯದ ಆನ್‌ಲೈನ್ ಬಿ.ಕಾಂ.: ಈ ಮೂರರಲ್ಲಿ ಯಾವುದಾದರೂ, ಈ ವರ್ಷದ ಡಿಇಬಿ ಪಟ್ಟಿಯಲ್ಲಿ ಇದ್ದರೆ ಆಯಿತು. ಮೂರು ವರ್ಷ ಹಿಡಿಯುತ್ತದೆ. ಓದಿನ ವರ್ಷ, ಕೆಲಸದ ವರ್ಷ ಒಟ್ಟಿಗೆ ಸಾಗಿದರೂ ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ದಾಖಲೆಯಲ್ಲಿ ವಿಧಾನ ಸರಿಯಾಗಿಯೇ ಬರೆದಿರುತ್ತದೆ.

ಅನುಮಾನ ಉಳಿದರೆ ಹತ್ತು ರೂಪಾಯಿಯ ಅರ್ಜಿ

ಜಾಲತಾಣ ನೋಡಿಯೂ ಸ್ಪಷ್ಟವಾಗದಿದ್ದರೆ ಮಾಹಿತಿ ಹಕ್ಕಿನಡಿ ಯುಜಿಸಿಯನ್ನೇ ಕೇಳಿ. `rtionline.gov.in` ನಲ್ಲಿ ಯುಜಿಸಿಯನ್ನು ಆರಿಸಿ, 10 ರೂಪಾಯಿ ಕಟ್ಟಿ. ಉತ್ತರಕ್ಕೆ 30 ದಿನದ ಗಡುವು ಇದೆ, ಹಾಗಾಗಿ ಪ್ರವೇಶದ ಕೊನೆಯ ದಿನಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಹಾಕಿ. ‘ಈ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ’ ಎಂದು ಕೇಳಿದರೆ ‘ನಮ್ಮ ಜಾಲತಾಣ ನೋಡಿ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಪ್ರಶ್ನೆಯನ್ನು ಬಿಗಿಯಾಗಿ ಕಟ್ಟಿ: ಇಂಥ ವಿಶ್ವವಿದ್ಯಾಲಯಕ್ಕೆ, ಇಂಥ ಕೋರ್ಸನ್ನು, ಇಂಥ ವಿಧಾನದಲ್ಲಿ, ಇಂಥ ವರ್ಷದ ಇಂಥ ಅವಧಿಯ ಪ್ರವೇಶಕ್ಕೆ ನೀಡಿದ ಅನುಮತಿ ಪತ್ರದ ಪ್ರತಿ ಕೊಡಿ, ಬೆಂಗಳೂರಿನ ಈ ವಿಳಾಸದಲ್ಲಿ ಕೇಂದ್ರ ನಡೆಸಲು ಅನುಮತಿ ಕೊಟ್ಟಿದ್ದರೆ ಅದರ ಪ್ರತಿ ಕೊಡಿ. ಅಭಿಪ್ರಾಯ ಕೇಳಬೇಡಿ, ದಾಖಲೆ ಕೇಳಿ. ಬಂದ ಉತ್ತರವನ್ನು ಜೋಪಾನ ಮಾಡಿ.

ಈಗಾಗಲೇ ಸೇರಿ ಹಣ ಕಟ್ಟಿದ್ದರೆ ಮೊದಲು ಮುಂದಿನ ಕಂತು ನಿಲ್ಲಿಸಿ. ನಿಮ್ಮ ನೋಂದಣಿ ಸಂಖ್ಯೆ ಹಾಕಿ ವಿಶ್ವವಿದ್ಯಾಲಯದ ಕುಲಸಚಿವರ ಅಧಿಕೃತ ಇ–ಮೇಲ್‌ಗೆ ಮೂರೇ ಪ್ರಶ್ನೆ ಬರೆಯಿರಿ: ನಾನು ನಿಮ್ಮ ವಿದ್ಯಾರ್ಥಿಯೇ, ಯಾವ ವಿಧಾನದಲ್ಲಿ, ಯಾವ ತಾರೀಖಿನ ಪ್ರವೇಶ. ಸೆಂಟರ್‌ನವರ ವಾಟ್ಸ್ಆ್ಯಪ್ ಮಾತುಕತೆ, ಯುಪಿಐ ಪಾವತಿಯ ವಿವರ, ಬ್ರೋಷರ್, ರಸೀದಿ ಯಾವುದನ್ನೂ ಅಳಿಸಬೇಡಿ. ಬೋರ್ಡಿನ ಫೋಟೊವನ್ನೂ ತೆಗೆದಿಡಿ, ದೂರು ಹೋದ ಮರುದಿನ ಅದು ಇಳಿದಿರುತ್ತದೆ. ಯುಜಿಸಿಗೆ ಲಿಖಿತ ದೂರು ಕೊಟ್ಟು, ಸೆಂಟರ್ ಇರುವ ಪ್ರದೇಶದ ಪೊಲೀಸ್ ಠಾಣೆಯಲ್ಲಿ ವಂಚನೆಯ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಕಟ್ಟಿದ ಹಣ ಹೋಯಿತಲ್ಲ ಎಂದು ಆ ಪದವಿಯನ್ನೇ ಮುಗಿಸಿ ಅರ್ಜಿಗೆ ಲಗತ್ತಿಸಲು ಮಾತ್ರ ಹೋಗಬೇಡಿ. ಸಲ್ಲಿಸುವವರೆಗೆ ನೀವು ಮೋಸ ಹೋದವರು, ಗೊತ್ತಿದ್ದೂ ಸಲ್ಲಿಸಿದ ಮೇಲೆ ಕಾನೂನಿನ ಕಣ್ಣಿಗೆ ನೀವೇ ಮೋಸ ಮಾಡಿದವರು.